ಐದನೆಯ ಗೆರೆ

ನಾಲ್ಕನೆಯ ಅಥವಾ ಐದನೆಯ ತರಗತಿಯ ಮಕ್ಕಳ ಗಣಿತದ ನೋಟುಪುಸ್ತಕದಲ್ಲಿ ಒಂದಲ್ಲ ಒಂದು ದಿನ ಸಮೀಕ್ಷೆಯ ಹಾಳೆಯೊಂದು ಕಾಣಿಸಿಕೊಳ್ಳುತ್ತದೆ. ಎಡಗಡೆ ಕೆಲವು ಹೆಸರುಗಳು, ಬಲಗಡೆ ಒಂದು ಸಂಖ್ಯೆ, ನಡುವಿನ ಅಂಕಣದಲ್ಲಿ ಸಾಲಾಗಿ ನಿಂತ ಪುಟ್ಟ ಗೆರೆಗಳು. ನಾಲ್ಕು ಗೆರೆ ನೆಟ್ಟಗೆ, ಅವುಗಳನ್ನು ಅಡ್ಡಲಾಗಿ ದಾಟಿಹೋಗುವ ಐದನೆಯ ಗೆರೆ ಓರೆಯಾಗಿ. ಪಠ್ಯಪುಸ್ತಕ ಇವನ್ನು ತಾಳೆ ಗುರುತುಗಳೆಂದು ಕರೆಯುತ್ತದೆ. ಸಂಖ್ಯೆಯನ್ನೇ ನೇರವಾಗಿ ಬರೆದರೆ ಸಾಲದೆ, ಇಷ್ಟೊಂದು ಗೆರೆ ಎಳೆಯುವುದೇಕೆ ಎಂದು ಮನೆಯಲ್ಲಿ ಹಿರಿಯರು ಕೇಳುವುದುಂಟು. ಪ್ರಶ್ನೆ ಸಹಜವಾದದ್ದೇ, ಅದಕ್ಕೆ ಉತ್ತರವೂ ಇದೆ.

ಎಣಿಕೆ ಒಮ್ಮೆಗೇ ಮುಗಿಯುವ ಕೆಲಸವಾಗಿದ್ದರೆ ಅಂಕಿಯೇ ಸಾಕಾಗುತ್ತಿತ್ತು. ಆದರೆ ಸಮೀಕ್ಷೆಯಲ್ಲಿ ಉತ್ತರಗಳು ಒಂದೊಂದಾಗಿ ಬರುತ್ತವೆ, ಅದೂ ಕಲಸಿಕೊಂಡು ಬರುತ್ತವೆ. ಮೊದಲ ಮಗು 'ಬಸ್ಸು' ಎನ್ನುತ್ತದೆ, ಎರಡನೆಯದು 'ನಡಿಗೆ' ಎನ್ನುತ್ತದೆ, ಮೂರನೆಯದು ಮತ್ತೆ 'ಬಸ್ಸು'. ಅಂಕಿಯಲ್ಲಿ ಬರೆಯಹೊರಟರೆ ಬಸ್ಸಿನ ಮುಂದೆ ಬರೆದ 1ನ್ನು ಅಳಿಸಿ 2 ಮಾಡಬೇಕು, ಮುಂದೆ 2ನ್ನು ಅಳಿಸಿ 3 ಮಾಡಬೇಕು. ಹೀಗೆ ಪ್ರತಿಯೊಂದು ಉತ್ತರವೂ ಹಿಂದಿನ ಬರವಣಿಗೆಯನ್ನು ಅಳಿಸುತ್ತಾ ಸಾಗುತ್ತದೆ. ಗೆರೆಗೆ ಈ ತೊಡಕಿಲ್ಲ. ಅದು ಕೂಡಿಕೊಳ್ಳುತ್ತದೆಯೇ ಹೊರತು ಇದ್ದುದನ್ನು ಅಳಿಸುವುದಿಲ್ಲ. ಒಂದು ಉತ್ತರಕ್ಕೆ ಒಂದು ಗೆರೆ, ಉತ್ತರ ಕಿವಿಗೆ ಬಿದ್ದ ಕ್ಷಣದಲ್ಲೇ ಗೆರೆ. ಹಾಲಿನವನ ಲೆಕ್ಕವನ್ನು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನ ಗೆರೆಗಳಲ್ಲಿ ಇಡುತ್ತಿದ್ದ ಅಜ್ಜಿಯರು ಅನುಸರಿಸುತ್ತಿದ್ದುದೂ ಇದೇ ನಿಯಮವನ್ನು.

ಇನ್ನು ಐದನೆಯ ಗೆರೆ ಓರೆಯಾಗುವುದೇಕೆ? ಇದರ ಕಾರಣ ಗಣಿತಕ್ಕಿಂತ ಹೆಚ್ಚಾಗಿ ಕಣ್ಣಿನಲ್ಲಿದೆ. ಮೇಜಿನ ಮೇಲೆ ಮೂರು ಹುಣಸೆಬೀಜಗಳಿದ್ದರೆ ಯಾರೂ ಅವನ್ನು ಎಣಿಸುವುದಿಲ್ಲ, ಮೂರೆಂದು ಕಂಡೇಬಿಡುತ್ತದೆ. ಏಳಿದ್ದರೆ ಎಣಿಸಬೇಕಾಗುತ್ತದೆ. ಈ ಎರಡರ ನಡುವಿನ ಗಡಿ ಎಲ್ಲಿದೆ ಎಂಬುದನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1871ರಲ್ಲಿ ತನ್ನ ಮೇಲೆಯೇ ಪರೀಕ್ಷಿಸಿಕೊಂಡ. ಹಿಡಿಯಷ್ಟು ಕಾಳುಗಳನ್ನು ಒಂದು ಡಬ್ಬಿಯತ್ತ ಎಸೆಯುವುದು, ಒಳಗೆ ಬಿದ್ದವು ಎಷ್ಟೆಂದು ಒಂದೇ ನೋಟದಲ್ಲಿ ಹೇಳುವುದು, ಆಮೇಲೆ ಎಣಿಸಿ ನೋಡುವುದು. ಸಾವಿರಕ್ಕೂ ಹೆಚ್ಚು ಸಲ ಹೀಗೆ ಮಾಡಿದಾಗ ಮೂರು, ನಾಲ್ಕು ಕಾಳುಗಳಿದ್ದಲ್ಲಿ ಅವನಿಗೆ ಒಮ್ಮೆಯೂ ತಪ್ಪಲಿಲ್ಲ. ಐದರಿಂದ ತಪ್ಪು ಕಾಣಿಸಿಕೊಳ್ಳತೊಡಗಿತು. ನಾಲ್ಕರವರೆಗೆ ನೋಟ, ಐದರಿಂದಾಚೆಗೆ ಎಣಿಕೆ. ತಾಳೆ ಗುರುತು ಸರಿಯಾಗಿ ಆ ಗಡಿಯಲ್ಲಿಯೇ ತನ್ನ ಕಟ್ಟನ್ನು ಬಿಗಿಯುತ್ತದೆ. ನೆಟ್ಟಗಿನ ಗೆರೆಗಳು ನಾಲ್ಕನ್ನು ಮೀರುವುದಿಲ್ಲ. ಐದನೆಯದು ದಿಕ್ಕು ಬದಲಿಸಿ, ಇಡೀ ಗುಂಪನ್ನು ಒಂದೇ ಆಕೃತಿಯನ್ನಾಗಿ ಮಾಡುತ್ತದೆ.

ಈ ಅರಿವು ಒಂದು ನಾಡಿನದಲ್ಲ. ನಮ್ಮ ಅಂಕಿಗಳಿಗೆ ಮೂಲವಾದ ಬ್ರಾಹ್ಮೀ ಅಂಕಿಗಳಲ್ಲಿ ಒಂದು, ಎರಡು, ಮೂರು ಬರಿಯ ಗೆರೆಗಳೇ ಆಗಿದ್ದವು. ನಾಲ್ಕಕ್ಕೆ ಬರುವಾಗ ಗೆರೆಗಳ ಸಾಲು ನಿಂತು ಬೇರೊಂದು ಆಕಾರ ಬಂತು. ಚೀನಾ, ಜಪಾನ್ ದೇಶಗಳಲ್ಲಿ ಐದು ಎಳೆತಗಳಿಂದ ಪೂರ್ಣವಾಗುವ ಒಂದು ಅಕ್ಷರವನ್ನೇ ಎಣಿಕೆಗೆ ಬಳಸುತ್ತಾರೆ. ಅಕ್ಷರ ಮುಗಿದರೆ ಐದಾಯಿತೆಂದು ಅರ್ಥ. ರೂಪ ಬೇರೆ, ಕಟ್ಟು ಮಾತ್ರ ಎಲ್ಲೆಡೆ ಐದರದೇ. ಎರಡು ಕಟ್ಟಿಗೆ ಹತ್ತಾಗುವುದರಿಂದ ಕೊನೆಯಲ್ಲಿ ಐದು, ಹತ್ತು, ಹದಿನೈದು ಎಂದು ಕೂಡಿಸುವುದೂ ಸಲೀಸು.

ಇದನ್ನು ಒಂದು ತರಗತಿಯ ಹಾಳೆಯಲ್ಲಿಟ್ಟು ನೋಡಬಹುದು. ಕಾಸರಗೋಡಿನ ಒಳನಾಡಿನ ಒಂದು ಕನ್ನಡ ಶಾಲೆಯ ಐದನೆಯ ತರಗತಿ ಎಂದಿಟ್ಟುಕೊಂಡರೆ, ಹಾಜರಿ ಪುಸ್ತಕದಲ್ಲಿ 41 ಹೆಸರುಗಳಿವೆ, ಅಂದು ಬಂದವರು 37 ಮಂದಿ. 'ಶಾಲೆಗೆ ಹೇಗೆ ಬರುತ್ತೀರಿ' ಎಂಬುದು ಪ್ರಶ್ನೆ. ಶಾಲೆಯ ಬಳಿ ಬಸ್ಸು ನಿಲ್ಲಬೇಕೆಂಬ ಮನವಿಯೊಂದಿಗೆ ಈ ಹಾಳೆಯನ್ನೂ ಸೇರಿಸುವ ವಿಚಾರ ಅಧ್ಯಾಪಿಕೆಗಿದೆ. ಆದ್ದರಿಂದ ಬಸ್ಸಿನ ಸಾಲಿನ ಸಂಖ್ಯೆ ಸರಿಯಾಗಿರಲೇಬೇಕು.

ಮೊದಲ ಗೆರೆ ಬೀಳುವ ಮುನ್ನವೇ ಒಂದು ತೀರ್ಮಾನವಾಗಬೇಕಾಗುತ್ತದೆ. ಗುಡ್ಡ ಇಳಿದು ಅರ್ಧ ಮೈಲಿ ನಡೆದು, ಆಮೇಲೆ ಬಸ್ಸು ಹತ್ತುವ ಹುಡುಗಿ ಯಾವ ಸಾಲಿಗೆ ಸೇರುತ್ತಾಳೆ? ಎರಡೂ ಸಾಲಿನಲ್ಲಿ ಗೆರೆ ಎಳೆದರೆ ಒಬ್ಬಳೇ ಇಬ್ಬರಾಗುತ್ತಾಳೆ. 'ಹೆಚ್ಚು ದೂರವನ್ನು ಯಾವುದರಲ್ಲಿ ಕ್ರಮಿಸುತ್ತೀರಿ' ಎಂದು ಪ್ರಶ್ನೆಯನ್ನು ತಿದ್ದಿದರೆ ಗೊಂದಲ ತೀರುತ್ತದೆ. ಹಾಗೆಯೇ ಯಾವ ಹೆಸರಿಗೂ ಹೊಂದದ ಉತ್ತರ ಬಂದೀತೆಂದು 'ಇತರ' ಎಂಬ ಸಾಲೊಂದನ್ನೂ ಇಡಬೇಕು. ಅದಿಲ್ಲದಿದ್ದರೆ ಅಂಥ ಮಗುವಿನ ಗೆರೆ ಎಲ್ಲಿಯೂ ಬೀಳದೆ ಹೋಗುತ್ತದೆ, ಅಥವಾ ಸಲ್ಲದ ಸಾಲಿನಲ್ಲಿ ಬೀಳುತ್ತದೆ.

ಉತ್ತರಗಳನ್ನು ಹಾಜರಿಯ ಕ್ರಮದಲ್ಲಿ ಕೇಳುತ್ತಾ ಹೋದಾಗ ನಡಿಗೆಯ ಸಾಲಿನಲ್ಲಿ ಎರಡು ಕಟ್ಟು ಮತ್ತು ಬಿಡಿ ನಾಲ್ಕು ಗೆರೆಗಳಾದವು; ಅಂದರೆ 14. ಆಟೋರಿಕ್ಷಾದ ಸಾಲಿನಲ್ಲಿ ಒಂದು ಕಟ್ಟು, ಬಿಡಿ ಒಂದು, 6. ಮನೆಯವರ ಬೈಕಿನಲ್ಲಿ ಬರುವವರಿಗೆ ಕಟ್ಟಾಗಲಿಲ್ಲ, ಬಿಡಿ ನಾಲ್ಕೇ. ಸೈಕಲ್ಲಿಗೆ ಎರಡು. 'ಇತರ' ಖಾಲಿ ಉಳಿಯಿತು. ಬಸ್ಸಿನ ಸಾಲಿನಲ್ಲಿ ಬಿಡಿ ಗೆರೆಗಳಿಲ್ಲದೆ ಎರಡು ಕಟ್ಟುಗಳಷ್ಟೇ ಕಂಡದ್ದರಿಂದ ಅದರ ಮುಂದೆ 10 ಎಂದು ಬರೆದಾಯಿತು. ಎಲ್ಲವನ್ನೂ ಕೂಡಿಸಿದರೆ 36 ಬರುತ್ತದೆ. ಆದರೆ ಬೆಂಚುಗಳ ಮೇಲೆ ಕುಳಿತಿರುವವರು 37. ಒಬ್ಬರು ಕಾಣೆಯಾಗಿದ್ದಾರೆ.

ಕನ್ನಡದಲ್ಲಿ ತಾಳೆ ನೋಡುವುದು ಎಂದರೆ ಒಂದನ್ನು ಇನ್ನೊಂದರೊಡನೆ ಹೋಲಿಸಿ, ಹೊಂದುತ್ತದೆಯೇ ಎಂದು ಪರಿಶೀಲಿಸುವುದು. ಈ ಗುರುತುಗಳಿಗೆ ತಾಳೆ ಎಂಬ ಹೆಸರು ಒಪ್ಪುವುದು ಇಲ್ಲಿಯೇ. ಗೆರೆಗಳ ಮೊತ್ತವನ್ನು ಹಾಜರಿಯ ಮೊತ್ತದೊಡನೆ ತಾಳೆ ನೋಡದೆ ಹಾಳೆ ಮುಗಿಯುವುದಿಲ್ಲ. ತಾಳೆಯಾಗದಿದ್ದರೆ ತಪ್ಪನ್ನು ಹುಡುಕುವ ಮೊದಲ ಜಾಗ ಕಟ್ಟುಗಳು.

ಬಸ್ಸಿನ ಸಾಲಿನ ಎರಡು ಕಟ್ಟುಗಳಲ್ಲಿ ಮೊದಲನೆಯದು ತುಸು ದಪ್ಪವಾಗಿದೆ. ಅಲ್ಲಿ ನೆಟ್ಟಗೆ ಐದು ಗೆರೆಗಳಿವೆ. ಓರೆ ಗೆರೆ ಆರನೆಯದು. ಗೆರೆ ಎಳೆಯುತ್ತಿದ್ದ ಹುಡುಗ ಐದನೆಯ ಮಗುವಿಗೂ ನೆಟ್ಟಗೆ ಎಳೆದು, ಆರನೆಯ ಮಗುವಿನ ಉತ್ತರ ಬಂದಾಗ ಕಟ್ಟು ಬಿಗಿದಿದ್ದಾನೆ. ಗೆರೆಗಳು 11 ಇದ್ದರೂ ಓದುವವರು ಕಟ್ಟಿಗೆ ಐದೆಂದು ನಂಬಿ 10 ಎಂದು ಓದಿದ್ದಾರೆ. ತಿದ್ದಿದ ಮೇಲೆ ಬಸ್ಸಿಗೆ 11, ಒಟ್ಟು 37. ಲೆಕ್ಕ ಕೂಡಿಬಂತು.

ಇದಕ್ಕೆ ಎದುರಾದ ಇನ್ನೊಂದು ತಪ್ಪಿದೆ, ಮತ್ತು ಅದು ಹೆಚ್ಚು ಕಪಟಿ. ಕೆಲವು ಮಕ್ಕಳು ಓರೆ ಗೆರೆಯನ್ನು ಕಟ್ಟಿಗೆಯ ಹೊರೆಗೆ ಬಿಗಿಯುವ ಹಗ್ಗವೆಂದು ತಿಳಿಯುತ್ತಾರೆ. ನಾಲ್ಕು ಗೆರೆಗಳಾದೊಡನೆ, ಐದನೆಯ ಉತ್ತರಕ್ಕೆ ಕಾಯದೆ, ಹಗ್ಗ ಬಿಗಿದುಬಿಡುತ್ತಾರೆ. ಆ ಕಟ್ಟಿನಲ್ಲಿರುವವರು ನಾಲ್ವರೇ. ಓದುವಾಗ ಮಾತ್ರ ಐವರಾಗುತ್ತಾರೆ. ಆರು ಗೆರೆಯ ಕಟ್ಟು ನೋಡಿದರೆ ತಿಳಿಯುತ್ತದೆ. ಇದು ಹಾಗಲ್ಲ, ನೆಟ್ಟಗೆ ನಾಲ್ಕು, ಓರೆಯಾಗಿ ಒಂದು ಇದ್ದು, ಸರಿಯಾದ ಕಟ್ಟಿಗೂ ಇದಕ್ಕೂ ಕಣ್ಣಿಗೆ ಯಾವ ಭೇದವೂ ತೋರುವುದಿಲ್ಲ. ಒಟ್ಟು ಸಂಖ್ಯೆ ಹಾಜರಿಯನ್ನು ಮೀರಿದಾಗ ಮಾತ್ರ ಇದರ ಸುಳಿವು ಸಿಗುತ್ತದೆ. ಹೀಗಾಗಿ ಮೊತ್ತ ಕಡಿಮೆಯಾದರೆ ದಪ್ಪ ಕಟ್ಟನ್ನೋ ಬಿಟ್ಟುಹೋದ ಗೆರೆಯನ್ನೋ ಹುಡುಕಬೇಕು; ಹೆಚ್ಚಾದರೆ ಹಗ್ಗವನ್ನೋ ಎರಡು ಸಲ ಬಿದ್ದ ಗೆರೆಯನ್ನೋ ಶಂಕಿಸಬೇಕು. ಓರೆ ಗೆರೆಯೂ ಒಬ್ಬ ಮನುಷ್ಯನೇ ಎಂಬ ಮಾತನ್ನು ಮೊದಲ ದಿನವೇ ಮಕ್ಕಳಿಗೆ ತಿಳಿಸಿದರೆ ಈ ತಪ್ಪು ಬೇರೂರುವುದಿಲ್ಲ.

ಮೊತ್ತ ತಾಳೆಯಾದ ಮಾತ್ರಕ್ಕೆ ಹಾಳೆ ನಿರ್ದೋಷಿಯಾಯಿತೆಂದೂ ಅಲ್ಲ. ಒಂದು ಸಾಲಿನಲ್ಲಿ ಆರರ ಕಟ್ಟೂ ಇನ್ನೊಂದು ಸಾಲಿನಲ್ಲಿ ನಾಲ್ಕರ ಕಟ್ಟೂ ಇದ್ದರೆ ಒಂದರ ಕೊರತೆಯನ್ನು ಇನ್ನೊಂದರ ಹೆಚ್ಚಳ ಮುಚ್ಚಿಹಾಕುತ್ತದೆ. ಬಸ್ಸಿನ ಉತ್ತರಕ್ಕೆ ಆಟೋರಿಕ್ಷಾದ ಸಾಲಿನಲ್ಲಿ ಗೆರೆ ಬಿದ್ದರೂ ಅಷ್ಟೇ. ಎರಡು ಸಾಲುಗಳೂ ತಪ್ಪು, ಒಟ್ಟು ಮಾತ್ರ ಸರಿ. ಇಂಥಲ್ಲಿ ಹಾಳೆಯನ್ನು ಎಷ್ಟು ಸಲ ತಿರುವಿ ನೋಡಿದರೂ ಪ್ರಯೋಜನವಿಲ್ಲ. ಗೆರೆಗೆ ಹೆಸರಿಲ್ಲ. ಬಸ್ಸಿನ ಸಾಲಿನ ಏಳನೆಯ ಗೆರೆ ಯಾರದು ಎಂದು ಯಾರಿಂದಲೂ ಹೇಳಲಾಗದು. ಉತ್ತರವನ್ನು ಗೆರೆಯಾಗಿಸಿದ ಕ್ಷಣದಲ್ಲಿಯೇ ಉತ್ತರ ಕೊಟ್ಟವರು ಹಾಳೆಯಿಂದ ಮರೆಯಾಗುತ್ತಾರೆ.

ಆದುದರಿಂದ ಬಲ್ಲ ಅಧ್ಯಾಪಕರು ಗೆರೆಯ ಹಾಳೆಗೂ ಮೊದಲು ಇನ್ನೊಂದು ಹಾಳೆಯನ್ನು ಸಿದ್ಧಪಡಿಸುತ್ತಾರೆ. ಅದರಲ್ಲಿ 1ರಿಂದ 41ರವರೆಗೆ ಕ್ರಮಸಂಖ್ಯೆಗಳು. ಪ್ರತಿಯೊಂದರ ಮುಂದೆ ಉತ್ತರದ ಮೊದಲ ಅಕ್ಷರ. 'ನ' ಎಂದರೆ ನಡಿಗೆ, 'ಬ' ಎಂದರೆ ಬಸ್ಸು. ಬೈಕಿಗೆ 'ಬೈ' ಎಂದು ಬರೆದರೆ ಗೊಂದಲವಿಲ್ಲ. ಬಾರದವರ ಮುಂದೆ ಅಡ್ಡಗೆರೆ. ಗೆರೆ ಹಾಕುವುದು ಈ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತಾ, ಒಂದೊಂದು ಉತ್ತರಕ್ಕೆ ಗೆರೆ ಎಳೆದೊಡನೆ ಆ ಕ್ರಮಸಂಖ್ಯೆಯ ಬಳಿ ಒಂದು ಚುಕ್ಕೆಯಿಡುತ್ತಾ. ಆಗ ಯಾರೂ ಎರಡು ಸಲ ಬರುವುದಿಲ್ಲ, ಯಾರೂ ತಪ್ಪಿಹೋಗುವುದಿಲ್ಲ. ಸಂದೇಹ ಬಂದರೆ ಬೇರೊಬ್ಬ ಮಗು ಅದೇ ಪಟ್ಟಿಯಿಂದ, ಮೊದಲ ಹಾಳೆಯನ್ನು ನೋಡದೆ, ಹೊಸದಾಗಿ ಗೆರೆ ಹಾಕುತ್ತದೆ. ಎರಡು ಹಾಳೆಗಳು ಸಾಲುಸಾಲಿಗೂ ಹೊಂದಿದರೆ ಮಾತ್ರ ಅಂಕಿ ಬರೆಯುವುದು. 'ಬಸ್ಸಿನಲ್ಲಿ ಬರುವವರೆಲ್ಲ ಕೈ ಎತ್ತಿ' ಎಂದು ಕೇಳಿ ಎಣಿಸುವ ಕ್ರಮ ಬೇಗ ಮುಗಿಯುತ್ತದೆ ನಿಜ. ಆದರೆ ಗೆಳೆಯನನ್ನು ನೋಡಿ ಎರಡು ಸಲ ಎತ್ತಿದ ಕೈಗಾಗಲಿ, ಸಂಕೋಚದಿಂದ ಒಮ್ಮೆಯೂ ಎತ್ತದ ಕೈಗಾಗಲಿ ಅಲ್ಲಿ ದಾಖಲೆ ಉಳಿಯುವುದಿಲ್ಲ.

ಇಷ್ಟೆಲ್ಲ ಎಚ್ಚರವೂ ಒಬ್ಬರಿಗೆ ಒಂದೇ ಉತ್ತರವಿರುವ ಪ್ರಶ್ನೆಗೆ ಸಲ್ಲುವಂಥದು. ಗಡಿನಾಡಿನ ತರಗತಿಯಲ್ಲಿ ಬಹುಬೇಗ ಎದುರಾಗುವ ಇನ್ನೊಂದು ಬಗೆಯ ಪ್ರಶ್ನೆಯಿದೆ. 'ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ' ಎಂದು ಕೇಳಿದರೆ ಅಜ್ಜಿಯೊಡನೆ ತುಳು, ಅಪ್ಪನೊಡನೆ ಕನ್ನಡ ಎಂದು ಉತ್ತರಿಸುವ ಮಗು ಸುಳ್ಳು ಹೇಳುತ್ತಿಲ್ಲ. ಆ ಮಗುವಿಗೆ ಎರಡು ಸಾಲುಗಳಲ್ಲಿಯೂ ಒಂದೊಂದು ಗೆರೆ ಬೀಳುವುದೇ ನ್ಯಾಯ. ಅದೇ 37 ಮಕ್ಕಳಿಗೆ ಈ ಪ್ರಶ್ನೆ ಕೇಳಿದಾಗ ಕನ್ನಡಕ್ಕೆ 19, ತುಳುವಿಗೆ 16, ಮಲಯಾಳಕ್ಕೆ 9, ಕೊಂಕಣಿಗೆ 3 ಗೆರೆಗಳು ಬಿದ್ದವೆಂದು ಭಾವಿಸಿದರೆ, ಒಟ್ಟು ಗೆರೆಗಳು 47. ಇಲ್ಲಿ 37ರೊಡನೆ ತಾಳೆ ನೋಡುವಂತಿಲ್ಲ. ನೋಡಿ ಹತ್ತು ಗೆರೆ ಹೆಚ್ಚಾದವೆಂದು ಅಳಿಸುವುದಂತೂ ಸಲ್ಲದು. ಈ ಹತ್ತು ಗೆರೆಗಳಿಂದ ಎರಡು ಭಾಷೆಯ ಮಕ್ಕಳು ಹತ್ತು ಮಂದಿ ಎಂದು ಹೇಳಲೂ ಬಾರದು. ಐವರು ಮೂರು ಮೂರು ಭಾಷೆ ಹೇಳಿದ್ದರೂ ಹೆಚ್ಚುವರಿ ಗೆರೆಗಳು ಹತ್ತೇ ಆಗುತ್ತವೆ. ನಿಜಸಂಗತಿ ಇರುವುದು ಕ್ರಮಸಂಖ್ಯೆಯ ಪಟ್ಟಿಯಲ್ಲಿ ಮಾತ್ರ.

ಅಂಥ ಹಾಳೆಯ ಕೆಳಗೆ ಎರಡು ಸಂಖ್ಯೆಗಳನ್ನೂ ಬರೆಯಬೇಕು: ಉತ್ತರಿಸಿದ ಮಕ್ಕಳು 37, ಬಂದ ಉತ್ತರಗಳು 47. ಹಾಗೆ ಬರೆಯದಿದ್ದರೆ ಆಗುವ ಅನರ್ಥ ಸಣ್ಣದಲ್ಲ. ಕನ್ನಡದ 19ನ್ನು 37ರಲ್ಲಿ ಭಾಗವಾಗಿ ನೋಡಿದರೆ ಅರ್ಧಕ್ಕಿಂತ ಹೆಚ್ಚಿನ ಮಕ್ಕಳ ಮನೆಯಲ್ಲಿ ಕನ್ನಡವಿದೆ, ಶೇಕಡ 51. ಅದನ್ನೇ 47ರಲ್ಲಿ ಭಾಗವಾಗಿ ನೋಡಿದವರು ಶೇಕಡ 40 ಎನ್ನುತ್ತಾರೆ. ಗೆರೆಗಳು ಬದಲಾಗಿಲ್ಲ, ಮಕ್ಕಳು ಬದಲಾಗಿಲ್ಲ. ಯಾವುದರಿಂದ ಭಾಗಿಸಿದರು ಎಂಬುದಷ್ಟೇ ಬದಲಾಗಿದೆ. ಮಕ್ಕಳಲ್ಲಿ ಎಷ್ಟು ಮಂದಿ ಎಂಬ ಪ್ರಶ್ನೆಗೆ ಭಾಗಿಸಬೇಕಾದ ಸಂಖ್ಯೆ ಮಕ್ಕಳದೇ ಹೊರತು ಗೆರೆಗಳದ್ದಲ್ಲ.

ಭಾಷೆಯ ಎಣಿಕೆಯಲ್ಲಿ ಒಂದು ಗೆರೆಯ ತೂಕ ಎಷ್ಟೆಂಬುದಕ್ಕೆ ದಾಖಲೆಯಲ್ಲೇ ಉದಾಹರಣೆಯಿದೆ. 1949ರ ಆಗಸ್ಟಿನಲ್ಲಿ ಸೇರಿದ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಅಧ್ಯಾಪಕರನ್ನು ನೇಮಿಸಲು ಒಂದು ಮಿತಿಯನ್ನು ಸೂಚಿಸಿತು: ಆ ಭಾಷೆಯನ್ನಾಡುವ ಮಕ್ಕಳು ಇಡೀ ಶಾಲೆಯಲ್ಲಿ 40ಕ್ಕೆ ಅಥವಾ ಒಂದು ತರಗತಿಯಲ್ಲಿ 10ಕ್ಕೆ ಕಡಿಮೆಯಿರಬಾರದು. ಹತ್ತು ಎಂದರೆ ಎರಡು ಪೂರ್ಣ ಕಟ್ಟುಗಳು. ಒಂದು ಕಟ್ಟು ಹಗ್ಗದ ಕಟ್ಟಾಗಿದ್ದರೆ ಅದು ಒಂಬತ್ತು. ಆರರ ಕಟ್ಟಾಗಿದ್ದರೆ ಹನ್ನೊಂದು. ಅದೇ ನಿರ್ಣಯ ಇನ್ನೊಂದನ್ನೂ ಸ್ಪಷ್ಟಪಡಿಸಿತ್ತು: ಮಗುವಿನ ಮಾತೃಭಾಷೆ ಯಾವುದೆಂದರೆ ಹೆತ್ತವರು ಅಥವಾ ಪೋಷಕರು ಯಾವುದೆಂದು ತಿಳಿಸುತ್ತಾರೋ ಅದು. ಆದುದರಿಂದ ಮಗುವಿನ ಬಾಯಿಂದ ಕೇಳಿ ಹಾಕಿದ ತರಗತಿಯ ಗೆರೆ ಅಂಥ ಹೇಳಿಕೆಯ ಸ್ಥಾನದಲ್ಲಿ ನಿಲ್ಲಲಾರದು. 'ಮನೆಯಲ್ಲಿ ಆಡುವ ಭಾಷೆಗಳು' ಎಂಬ ಪ್ರಶ್ನೆ ಬೇರೆ, 'ಮಾತೃಭಾಷೆ' ಎಂಬ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ಹಲವು ಗೆರೆ ಸಲ್ಲುತ್ತವೆ. ಎರಡನೆಯದಕ್ಕೆ ಒಂದೇ, ಅದೂ ಹೆತ್ತವರು ತಿಳಿಸಿದ್ದು. ಹಾಳೆಯ ತಲೆಯ ಮೇಲೆ ಪ್ರಶ್ನೆಯನ್ನು ಪೂರ್ತಿಯಾಗಿ ಬರೆಯದೆ ಬರಿಯ 'ಭಾಷೆ' ಎಂದಿಟ್ಟರೆ ಮುಂದೆ ಅದನ್ನು ಓದುವವರಿಗೆ ಇವೆರಡರಲ್ಲಿ ಯಾವುದೆಂದು ತಿಳಿಯುವ ದಾರಿಯಿರುವುದಿಲ್ಲ.

ಹೀಗಾಗಿ ಸಮೀಕ್ಷೆಯ ಹಾಳೆ ಮನೆಗೆ ಬಂದ ಸಂಜೆ ಹಿರಿಯರು ಮಗುವಿನೊಡನೆ ಕುಳಿತು ನೋಡಬೇಕಾದುದು ಗೆರೆಗಳು ಎಷ್ಟು ಅಂದವಾಗಿವೆ ಎಂಬುದನ್ನಲ್ಲ. ಕಟ್ಟುಗಳಲ್ಲಿ ಯಾವುದಾದರೂ ದಪ್ಪವಾಗಿದೆಯೇ? ಕೊನೆಯ ಮೊತ್ತ ಅಂದಿನ ಹಾಜರಿಗೆ ತಾಳೆಯಾಗುತ್ತದೆಯೇ? ಆಗದಿದ್ದರೆ, ಒಬ್ಬರಿಗೆ ಎರಡು ಉತ್ತರ ಇರಬಹುದಾದ ಪ್ರಶ್ನೆಯೇ ಅದು? ಇಷ್ಟನ್ನು ಕೇಳಿದ ಮೇಲೆ ಒಂದು ಕಟ್ಟಿನ ಮೇಲೆ ಬೆರಳಿಟ್ಟು, ಈ ಓರೆ ಗೆರೆ ಯಾರದು ಎಂದು ವಿಚಾರಿಸಬಹುದು. 'ಅದು ಯಾರದೂ ಅಲ್ಲ, ಸುಮ್ಮನೆ ಕಟ್ಟಿದ್ದು' ಎಂದು ಮಗು ಹೇಳಿದರೆ, ಆ ಹಾಳೆಯನ್ನು ಮರುದಿನ ಇನ್ನೊಮ್ಮೆ ಎಣಿಸಬೇಕಾಗುತ್ತದೆ.